ಮದುವೆಗೆ ಒಂಬತ್ತು ದಿನ ಇರುವಾಗ ಅಜ್ಜ ಹೋದರು: ಕರೆದವರಿಗೆಲ್ಲ ನಾವು ತಿಳಿಸಿದ ಬಗೆ

ನನ್ನ ಅಕ್ಕನ ಮಗಳ ಮದುವೆ ಫೆಬ್ರವರಿ 9, ಭಾನುವಾರ ಹಾಸನದಲ್ಲಿ ಇತ್ತು. ಹಿಂದಿನ ಸಂಜೆ ಆರತಕ್ಷತೆ. ಸುಮಾರು ಆರುನೂರು ಮಂದಿಯನ್ನು ಕರೆದಿದ್ದೆವು. ಜನವರಿ 31ರ ಬೆಳಗಿನ ಜಾವ ನಾಲ್ಕಕ್ಕೆ ಭಾವನ ತಂದೆ, ಅಂದರೆ ಹುಡುಗಿಯ ಅಜ್ಜ, ನಿದ್ದೆಯಲ್ಲೇ ಹೋಗಿಬಿಟ್ಟರು. ಅವರಿಗೆ 84 ವರ್ಷ. ಹಿಂದಿನ ದಿನ ಸಂಜೆ ಕೂಡ ಪತ್ರಿಕೆ ಹಂಚಿ ಬಂದಿದ್ದರು.

ಸಾವಿನ ದಿನವನ್ನೂ ಸೇರಿಸಿ ಎಣಿಸಿದರೆ ಮದುವೆಯ ದಿನ ಸರಿಯಾಗಿ ಹತ್ತನೇ ದಿನಕ್ಕೆ ಬರುತ್ತಿತ್ತು. ತಂದೆಯ ಕಡೆಯ ಅಜ್ಜ, ಹಾಗಾಗಿ ಭಾವ, ಅವರ ತಮ್ಮ, ಮಕ್ಕಳು, ದಾಯಾದಿಗಳು ಎಲ್ಲರಿಗೂ ಹತ್ತು ದಿನ ಸೂತಕ. ನಾಂದಿ ಆಗಿದ್ದರೆ ಮಾತು ಬೇರೆ ಇತ್ತು. ನಾಂದಿ ಇಟ್ಟ ಮೇಲೆ ಸೂತಕ ಬಂದರೂ ಮದುವೆಗೆ ತಟ್ಟುವುದಿಲ್ಲ ಎಂಬುದು ಹಳೆಯ ನಿಯಮ. ನಮ್ಮಲ್ಲಿ ದೇವರ ಸಮಾರಾಧನೆ ಫೆಬ್ರವರಿ 5ಕ್ಕೆ, ನಾಂದಿ ಅದರ ನಂತರ ಇತ್ತು. ಮದುವೆ ಮುಂದಕ್ಕೆ ಹೋಗಲೇಬೇಕಿತ್ತು.

ನಾನು ಹುಡುಗಿಯ ಸೋದರಮಾವ. ಅಕ್ಕನ ಮಾವನವರ ಸೂತಕ ನನಗಿಲ್ಲ. ಆ ಬೆಳಿಗ್ಗೆ ಮನೆಯಲ್ಲಿ ಎಲ್ಲರೂ ಒಂದಲ್ಲ ಒಂದು ಕೆಲಸದಲ್ಲಿ ಅಥವಾ ಅಳುವಿನಲ್ಲಿ ಇದ್ದರು. ಹಾಗಾಗಿ ಎಲ್ಲರಿಗೂ ತಿಳಿಸುವ ಕೆಲಸ ನನಗೆ ಬಂತು. ಇದು ಸರಿಯಾದ ಏರ್ಪಾಡು ಎಂದೇ ಈಗಲೂ ನನಗೆ ಅನ್ನಿಸುತ್ತದೆ. ತಂದೆಯನ್ನು ಕಳೆದುಕೊಂಡವರ ಕೈಲಿ ನೂರು ಸಲ "ಅಪ್ಪ ಹೋದರು, ಮದುವೆ ಮುಂದಕ್ಕೆ ಹೋಯಿತು" ಎಂದು ಹೇಳಿಸಬಾರದು. ಮನೆಗೆ ಹತ್ತಿರದವರು, ಆದರೆ ಸೂತಕದ ಹೊರಗಿನವರು ಒಬ್ಬರು ಮುಂದೆ ನಿಲ್ಲಬೇಕು. ಆ ಕೆಲಸ ಸೋದರಮಾವನದೋ ಅಳಿಯನದೋ ಆಗಬಹುದು.

ಮೊದಲ ಫೋನು

ಮೊದಲ ಫೋನು ಬೀಗರಿಗೆ. ಅದಕ್ಕೆ ಮೊದಲು ಛತ್ರಕ್ಕೂ ಬೇಡ, ಅಡುಗೆಯವರಿಗೂ ಬೇಡ, ಬೇರೆ ನೆಂಟರಿಗೂ ಬೇಡ. ಮದುವೆ ಎರಡು ಮನೆಯದು. ಒಂದು ಮನೆಯವರು ತೀರ್ಮಾನ ಮಾಡಿ ಇನ್ನೊಂದು ಮನೆಗೆ ಸುದ್ದಿ ಮುಟ್ಟಿಸುವ ವಿಷಯ ಅಲ್ಲ. ಐದೂವರೆಗೆ ನಾನು ಹುಡುಗನ ತಂದೆಗೆ ಫೋನ್ ಮಾಡಿದೆ.

"ಬೀಗರೇ, ಹುಡುಗಿ ಮಾವ ಮಾತಾಡ್ತಿರೋದು. ಬೆಳಗಿನ ಜಾವ ನಾಲ್ಕು ಗಂಟೆಗೆ ಅಜ್ಜ ಹೋಗಿಬಿಟ್ರು."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಗಾಯಿತು, ಭಾವ ಹೇಗಿದ್ದಾರೆ ಎಂದು ಕೇಳಿದರು. ಹೇಳಿದೆ. ಮದುವೆಯ ಮಾತು ನಾನಾಗಿ ಎತ್ತಲಿಲ್ಲ. ಕೊನೆಗೆ ಅವರೇ, "ಮತ್ತೆ ಒಂಬತ್ತನೇ ತಾರೀಖು..." ಎಂದರು. ಆಗ ಹೇಳಿದೆ, "ಅದು ಹತ್ತನೇ ದಿನಕ್ಕೇ ಬರುತ್ತೆ. ಏನು ಮಾಡೋಣ ನೀವೇ ಹೇಳಿ."

"ಹೇಳೋದೇನಿದೆ, ಮುಂದಕ್ಕೆ ಹಾಕೋಣ. ನಾವು ಈಗಲೇ ಹೊರಡ್ತೀವಿ" ಎಂದರು.

"ಮದುವೆ ಮುಂದಕ್ಕೆ ಹಾಕಿದ್ದೇವೆ" ಎಂದು ನಾನೇ ಹೇಳಿದ್ದರೂ ಫಲ ಇದೇ ಆಗುತ್ತಿತ್ತು. ಆದರೆ ಅವರಿಗೆ ಅದು ತಮ್ಮನ್ನು ಕೇಳದೆ ಮಾಡಿದ ತೀರ್ಮಾನವಾಗಿ ಉಳಿಯುತ್ತಿತ್ತು. ಅದೇ ಫೋನಿನಲ್ಲಿ ಇನ್ನೊಂದು ಮಾತು ಕೇಳಿಕೊಂಡೆ. ನಿಮ್ಮ ಕಡೆಯವರಿಗೆ ಕಳಿಸುವ ಸುದ್ದಿ ಮತ್ತು ನಮ್ಮ ಕಡೆಯದು ಒಂದೇ ರೀತಿ ಇರಲಿ, ಒಂದು ಗಂಟೆ ಕೊಡಿ, ಬರೆದು ಕಳಿಸುತ್ತೇನೆ ಎಂದು.

ತಪ್ಪಿದ ಎರಡು ಬರಹ

ನಾನು ಬರೆಯುವಷ್ಟರಲ್ಲಿ ಹುಡುಗಿಯ ದೊಡ್ಡಮ್ಮನ ಮಗ ಒಳ್ಳೆಯ ಮನಸ್ಸಿನಿಂದಲೇ ಮನೆಯ ವಾಟ್ಸಾಪ್ ಗುಂಪಿಗೆ ಹೀಗೆ ಹಾಕಿಬಿಟ್ಟಿದ್ದ: "ಕಾರಣಾಂತರಗಳಿಂದ ಫೆಬ್ರವರಿ 9ರ ಮದುವೆಯನ್ನು ಮುಂದೂಡಲಾಗಿದೆ. ಅನಾನುಕೂಲಕ್ಕೆ ವಿಷಾದಿಸುತ್ತೇವೆ."

ಒಂದು ಗಂಟೆಯೊಳಗೆ ನನಗೆ ಮೂರು ಫೋನು ಬಂತು. ಒಬ್ಬರು, "ಹುಡುಗನ ಕಡೆ ಏನಾದ್ರೂ ಗಲಾಟೆನಾ?" ಎಂದರು. ಇನ್ನೊಬ್ಬರು ದನಿ ತಗ್ಗಿಸಿ ಹುಡುಗಿಯ ಬಗ್ಗೆ ಕೇಳಿದರು. ಸಾವಿನ ಸುದ್ದಿ ಅವರಿಗೆ ಗೊತ್ತೇ ಇರಲಿಲ್ಲ. ನಮ್ಮಲ್ಲಿ "ಕಾರಣಾಂತರ" ಎಂಬ ಮಾತಿಗೆ ಮದುವೆಯ ವಿಷಯದಲ್ಲಿ ಒಂದೇ ಅರ್ಥ ಹೊಳೆಯುತ್ತದೆ, ಏನೋ ಮುರಿದುಬಿತ್ತು ಎಂದು. "ಮದುವೆ ನಿಂತಿದೆ", "ರದ್ದಾಗಿದೆ" ಎಂದರೂ ಅಷ್ಟೇ. ಅದನ್ನು ಬರೆದವನ ಉದ್ದೇಶ ಸಾವಿನ ಮಾತು ಎಲ್ಲರಿಗೂ ಹೇಳಿ ನೋವು ಕೊಡುವುದು ಬೇಡ ಎಂಬುದು. ಆದರೆ ಆ ಮುಚ್ಚುಮರೆಯ ಭಾರ ಬೀಳುವುದು ಹುಡುಗಿಯ ಮೇಲೆ. ಅದನ್ನು ತಕ್ಷಣ ಅಳಿಸಲು ಹೇಳಿದೆ.

ಎರಡನೆಯದನ್ನು ಹುಡುಗಿಯ ಚಿಕ್ಕಪ್ಪ ಬರೆದು ತಂದರು. ತಂದೆಯನ್ನು ಕಳೆದುಕೊಂಡ ಮಗ ಬರೆದದ್ದು. ಅಜ್ಜ ಎಂಥವರು, ಹೇಗೆ ಬದುಕಿದರು, ಮೊಮ್ಮಗಳ ಮದುವೆ ನೋಡಲು ಎಷ್ಟು ಆಸೆ ಪಟ್ಟಿದ್ದರು ಎಂದು ಎಂಟು ಸಾಲು. ಒಂಬತ್ತನೇ ಸಾಲಿನಲ್ಲಿ, "ಆದ್ದರಿಂದ ತಾವು ಮದುವೆಗೆ ಬರಬಾರದಾಗಿ ವಿನಂತಿ."

ಓದಿ ನನ್ನ ಕಣ್ಣು ತುಂಬಿತು. ಆದರೂ ಕಳಿಸಲಿಲ್ಲ. ಫೋನಿನ ಪರದೆಯ ಮೇಲೆ ಮೊದಲು ಕಾಣುವುದು ಒಂದೆರಡು ಸಾಲು ಮಾತ್ರ. ಬಸ್ಸಿನಲ್ಲಿ, ಆಫೀಸಿನಲ್ಲಿ ಇರುವವರು ಅಷ್ಟನ್ನೇ ನೋಡಿ ಆಮೇಲೆ ತೆರೆಯೋಣ ಎಂದು ಬಿಡುತ್ತಾರೆ. ಒಂಬತ್ತನೇ ಸಾಲು ಅವರಿಗೆ ತಲುಪುವುದಿಲ್ಲ. ಜೊತೆಗೆ, ಅರಿಶಿನ ಕುಂಕುಮ ಕೊಟ್ಟು "ಬನ್ನಿ" ಎಂದು ಕರೆದವರಿಗೆ "ಬರಬಾರದು" ಎಂದು ಬರೆಯಲಾಗದು. ಚಿಕ್ಕಪ್ಪನಿಗೆ ಹೇಳಿದೆ, "ಇದನ್ನ ಎತ್ತಿಡಿ. ವೈಕುಂಠ ಸಮಾರಾಧನೆ ದಿನ ಓದಿ." ಅವರು ಹದಿಮೂರನೇ ದಿನ ಅದನ್ನು ಓದಿದರು.

ಕಳಿಸಿದ ಬರಹ

ಕೊನೆಗೆ ಭಾವನ ಹೆಸರಿನಲ್ಲಿ ಹೋದದ್ದು ಇದು:

"ಫೆಬ್ರವರಿ 8 ಮತ್ತು 9ಕ್ಕೆ ಹಾಸನದಲ್ಲಿ ಇದ್ದ ನಮ್ಮ ಮಗಳ ಮದುವೆಯನ್ನು ಮುಂದಕ್ಕೆ ಹಾಕಿದ್ದೇವೆ. ನಮ್ಮ ತಂದೆಯವರು ಇಂದು, ಜನವರಿ 31ರ ಬೆಳಗಿನ ಜಾವ ತೀರಿಕೊಂಡರು. ಅವರಿಗೆ 84 ವರ್ಷವಾಗಿತ್ತು.

ಬೀಗರೂ ನಾವೂ ಸೇರಿ ಹೊಸ ದಿನ ಗೊತ್ತು ಮಾಡಿ ಮತ್ತೆ ನಿಮ್ಮನ್ನು ಕರೆಯುತ್ತೇವೆ. ಆಗ ನೀವೆಲ್ಲ ಬರಬೇಕು.

ಪ್ರಯಾಣದ ಟಿಕೆಟ್ ಮಾಡಿಸಿದ್ದವರು ದಯವಿಟ್ಟು ಈಗಲೇ ಬದಲಿಸಿಕೊಳ್ಳಿ. ನಿಮಗಾದ ತೊಂದರೆಯನ್ನು ಮನ್ನಿಸಿ. ಏನಾದರೂ ಕೇಳುವುದಿದ್ದರೆ ಹುಡುಗಿಯ ಸೋದರಮಾವನಿಗೆ ಈ ನಂಬರಿಗೆ ಫೋನ್ ಮಾಡಿ."

ಮೊದಲ ಸಾಲಿನಲ್ಲಿ ತಾರೀಖು, ಊರು, ಮದುವೆ ಅಂದು ಇಲ್ಲ ಎಂಬ ಮಾತು. ಎರಡನೆಯದರಲ್ಲಿ ಕಾರಣ, ಮುಚ್ಚಿಡದೆ. ಸಾವಿನ ಮಾತನ್ನೇ ಮೊದಲು ಹಾಕಬೇಕು ಎಂದು ಕೆಲವರು ಹೇಳಿದರು. ಹತ್ತಿರದವರಿಗೆ ಸಾವಿನ ಸುದ್ದಿ ಆಗಲೇ ಫೋನಿನಲ್ಲಿ ಹೋಗಿತ್ತು. ಈ ಬರಹ ಇದ್ದದ್ದು ಮದುವೆಗೆ ಕರೆದವರಿಗೆ. ಅವರಲ್ಲಿ ಅರ್ಧ ಮಂದಿ ಅಜ್ಜನನ್ನು ನೋಡಿದವರೇ ಅಲ್ಲ.

ಇದರಲ್ಲಿ ನಾನು ಅತಿ ಹೆಚ್ಚು ಯೋಚಿಸಿದ್ದು "ಬೀಗರೂ ನಾವೂ ಸೇರಿ" ಎಂಬ ಮಾತನ್ನು. ಸಂಬಂಧ ಗಟ್ಟಿಯಾಗಿದೆ, ಯಾವ ಗಲಾಟೆಯೂ ಇಲ್ಲ ಎಂದು ನೇರವಾಗಿ ಬರೆದರೆ ಅದೇ ಹೊಸ ಅನುಮಾನಕ್ಕೆ ದಾರಿ. ಬೀಗರು ಎಂಬ ಪದ ಅಷ್ಟನ್ನೂ ಹೇಳದೆ ಹೇಳಿತು. ಆ ಬರಹ ಹೋದ ಮೇಲೆ ಗಲಾಟೆಯ ಪ್ರಶ್ನೆ ಒಂದೂ ಬರಲಿಲ್ಲ.

ಹುಡುಗನ ಮನೆಯವರ ಬರಹದಲ್ಲಿ ಎರಡನೇ ಸಾಲು ಮಾತ್ರ ಬೇರೆ: "ನಮ್ಮ ಬೀಗರ ಮನೆಯ ಹಿರಿಯರು, ವಧುವಿನ ಅಜ್ಜ, ತಮ್ಮ 84ನೇ ವಯಸ್ಸಿನಲ್ಲಿ ತೀರಿಕೊಂಡರು." ವಯಸ್ಸನ್ನು ಬೇಕೆಂದೇ ಸೇರಿಸಿದ್ದು. ಮದುವೆ ಹತ್ತಿರ ಬಂದಾಗ ಸಾವಾದರೆ ಹುಡುಗಿಯ ಕಾಲ್ಗುಣ ಎನ್ನುವ ನಾಲಿಗೆಗಳು ಇನ್ನೂ ಇವೆ. ತುಂಬು ಬಾಳು ಬಾಳಿದ ಹಿರಿಯರು ಎಂದು ಬರೆದರೆ ಆ ಮಾತಿಗೆ ಜಾಗ ಕಡಿಮೆ. ಅದೇ ಕಾರಣಕ್ಕೆ "ಅನಿರೀಕ್ಷಿತ ಆಘಾತ", "ಗ್ರಹಚಾರ", "ಅಪಶಕುನ" ಎಂಬ ಮಾತುಗಳು ಎರಡೂ ಬರಹದಲ್ಲಿ ಇರದಂತೆ ನೋಡಿಕೊಂಡೆವು.

ಸೂತಕ ಎಂಬ ಪದವನ್ನೂ ಬರೆಯಲಿಲ್ಲ. ಕರೆದವರಲ್ಲಿ ಎಲ್ಲ ಬಗೆಯ ಮನೆಯವರಿದ್ದರು. ಲಿಂಗಾಯತರಲ್ಲಿ ತತ್ವದ ಪ್ರಕಾರ ಮರಣಸೂತಕ ಇಲ್ಲ, ಆದರೂ ದುಃಖದ ಮನೆಯಲ್ಲಿ ಓಲಗ ಊದಿಸಲು ಅವರಿಗೂ ಮನಸ್ಸು ಬರುವುದಿಲ್ಲ. ಅವರ ಮನೆಯ ಬರಹವಾಗಿದ್ದರೆ "ಲಿಂಗೈಕ್ಯರಾದರು" ಎಂದಿರುತ್ತಿತ್ತು. "ತೀರಿಕೊಂಡರು" ಎಂಬುದು ಎಲ್ಲ ಮನೆಗೂ ಹೊಂದುವ, ಮರ್ಯಾದೆಯ ಪದ. ಮನೆಯಲ್ಲಿ ಬೇರೆ ವಾಡಿಕೆ ಇದ್ದರೆ ಅದನ್ನೇ ಬಳಸಬಹುದು.

ಹೊಸ ತಾರೀಖನ್ನು ಕೂಡಲೇ ಹಾಕಿಬಿಟ್ಟರೆ ಎಲ್ಲರಿಗೂ ಅನುಕೂಲ ಎಂದು ಛತ್ರದವರು ಹೇಳಿದರು. ನಾವು ಹಾಕಲಿಲ್ಲ. ಅಪ್ಪನ ಅಂತ್ಯಕ್ರಿಯೆ ಆಗುವ ಮೊದಲೇ ಮುಹೂರ್ತ ನೋಡಿದರು ಎಂಬ ಮಾತು ಬೇಡ ಎಂಬುದು ಒಂದು. ಇನ್ನೊಂದು, ಕನ್ಯಾದಾನ ಮಾಡಬೇಕಾದ ಭಾವನೇ ಕರ್ಮ ಹಿಡಿದ ಮಗ. ವರ್ಷದೊಳಗೆ ಅವರು ಧಾರೆ ಎರೆಯಬಹುದೇ ಎಂಬುದೇ ತೀರ್ಮಾನವಾಗಿರಲಿಲ್ಲ.

ಕಳಿಸುವ ದಾರಿ

ಬರಹ ಚೆನ್ನಾಗಿದ್ದರೆ ಸಾಲದು, ತಲುಪಬೇಕು. ಮೊದಲು ನನ್ನ ಫೋನಿನಿಂದಲೇ ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಕಳಿಸಿದೆ. ಅರ್ಧ ಗಂಟೆ ಕಳೆದರೂ ಎಷ್ಟೋ ಮಂದಿಯ ಮುಂದೆ ಒಂದೇ ಗೆರೆ. ಬ್ರಾಡ್‌ಕಾಸ್ಟ್ ಹೋಗುವುದು ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ. ಭಾವನ ಸಹೋದ್ಯೋಗಿಗಳ ಬಳಿ ನನ್ನ ನಂಬರ್ ಏಕೆ ಇರುತ್ತದೆ? ಆಮೇಲೆ ಭಾವನ ಫೋನ್ ಇಸಿದುಕೊಂಡು ಅದರಿಂದ ಕಳಿಸಿದೆ. ಒಂದು ಪಟ್ಟಿಗೆ 256 ಮಂದಿ ಮಾತ್ರ, ಹಾಗಾಗಿ ಎರಡು ಪಟ್ಟಿ. ಸಂಜೆ ಕೂತು ಎರಡು ಗೆರೆ ಬೀಳದವರ ಹೆಸರುಗಳನ್ನು ಬರೆದುಕೊಂಡೆ. 70 ಹೆಸರು ಸಿಕ್ಕಿತು. ಅವರಿಗೆಲ್ಲ ಫೋನ್.

ಲಗ್ನಪತ್ರಿಕೆಯ ಚಿತ್ರದ ಮೇಲೆ ಕೆಂಪು ಅಕ್ಷರದಲ್ಲಿ "ಮುಂದೂಡಲಾಗಿದೆ" ಎಂದು ಬರೆದು ಕಳಿಸೋಣ ಎಂದು ಹುಡುಗರು ಹೇಳಿದ್ದರು. ಬೇಡ ಎಂದೆ. ಗಣಪತಿಯ ಚಿತ್ರ, ಅರಿಶಿನ ಕುಂಕುಮದ ಅಂಚು ಇರುವ ಕಾಗದದಲ್ಲಿ ಸಾವಿನ ಸುದ್ದಿ ಹೋಗಬಾರದು. ಹಿಂದೆ ಸಾವಿನ ಕಾಗದ ಬಂದರೆ ಓದಿ ಅಲ್ಲೇ ಹರಿದು ಹಾಕುತ್ತಿದ್ದರು. ಶುಭದ ಕಾಗದವನ್ನು ದೇವರ ಮುಂದೆ ಇಡುತ್ತಿದ್ದರು. ಆ ಎರಡನ್ನು ಬೆರೆಸಿದರೆ ಹಿರಿಯರ ಮನಸ್ಸಿಗೆ ಚುರುಕ್ ಎನ್ನುತ್ತದೆ. ಇನ್ನೂ ಒಂದಿದೆ. ಚಿತ್ರ ನೋಡಿದವರು ಪತ್ರಿಕೆ ಇನ್ನೊಮ್ಮೆ ಬಂತು ಎಂದುಕೊಂಡು ತೆರೆಯದೇ ಬಿಡುತ್ತಾರೆ.

ಮನೆಗೆ ಹೋಗಿ ಕರೆದಿದ್ದ ಹಿರಿಯರಿಗೆ ಬರಹದ ಮೇಲೆ ಫೋನನ್ನೂ ಮಾಡಿದೆವು. ಸೂತಕದವರು ಅವರ ಮನೆಗೆ ಹೋಗುವಂತಿಲ್ಲ. ನಾನೂ ನನ್ನ ಹೆಂಡತಿಯೂ ಹಂಚಿಕೊಂಡೆವು. ಮೊದಲು ಮಾಡಿದ್ದು ಮುಂಬೈ, ಪುಣೆ, ಅಮೆರಿಕದಿಂದ ಹೊರಡುವವರಿಗೆ. ಹೊರಡುವ ಹೊತ್ತು ಹತ್ತಿರ ಬಂದಷ್ಟೂ ಟಿಕೆಟಿನ ಕಡಿತ ಜಾಸ್ತಿ. ಅವರಿಗೆ ಹೇಳುವಾಗ, "ನೀವು ಬರೋದು ಬೇಡ" ಎನ್ನಲಿಲ್ಲ. "ಟಿಕೆಟ್ ಈಗಲೇ ಕ್ಯಾನ್ಸಲ್ ಮಾಡ್ಬಿಡಿ, ದುಡ್ಡು ಸುಮ್ನೆ ಹೋಗೋದು ಬೇಡ" ಎಂದೆ. ಕೆಲವರು ಅದೇ ಟಿಕೆಟಿನಲ್ಲಿ ಹದಿಮೂರನೇ ದಿನಕ್ಕೆ ಬರುತ್ತೇವೆ ಎಂದರು.

ಛತ್ರದವರ ಹತ್ತಿರ ಮಾತ್ರ "ಕ್ಯಾನ್ಸಲ್" ಎಂಬ ಪದ ನನ್ನ ಬಾಯಿಂದ ಬರದಂತೆ ನೋಡಿಕೊಂಡೆ. ಮುಂಗಡದ ರಸೀದಿಯ ಹಿಂದೆ, ರದ್ದು ಮಾಡಿದರೆ ಹಣ ವಾಪಸಿಲ್ಲ ಎಂದು ಅಚ್ಚಾಗಿತ್ತು. "ಮನೆಯಲ್ಲಿ ಹಿರಿಯರು ತೀರಿಕೊಂಡಿದ್ದಾರೆ. ತಾರೀಖು ಬದಲಾಯಿಸಿ ಕೊಡಬೇಕು, ಛತ್ರ ನಿಮ್ಮದೇ" ಎಂದು ಕೇಳಿದೆ. ಒಪ್ಪಿದರು. ಅದನ್ನು ರಸೀದಿಯ ಮೇಲೆ ಬರೆಸಿ ಸಹಿ ಹಾಕಿಸಿಕೊಂಡೆ. ಅಡುಗೆಯವರು ಸಾಮಾನು ಇನ್ನೂ ತಂದಿರಲಿಲ್ಲ, ಅಲ್ಲಿ ತೊಂದರೆ ಆಗಲಿಲ್ಲ.

ತಮ್ಮನ ಪರೀಕ್ಷೆ

ಹುಡುಗಿಯ ತಮ್ಮ ಇಂಜಿನಿಯರಿಂಗ್ ಮೂರನೇ ವರ್ಷ. ಫೆಬ್ರವರಿ 5ಕ್ಕೆ ಅವನಿಗೆ ಆಂತರಿಕ ಪರೀಕ್ಷೆ. ಅವನೂ ಕಾಲೇಜಿಗೆ "ಮನೆಯಲ್ಲಿ ಸ್ವಲ್ಪ ಸಮಸ್ಯೆ ಇರುವುದರಿಂದ" ಎಂದೇ ಬರೆದಿದ್ದ. ಇದೂ ಅದೇ ಮುಚ್ಚುಮರೆ. ಬಿಡಿಸಿ ಬರೆಸಿದೆ:

"ನನ್ನ ತಂದೆಯ ತಂದೆ ಜನವರಿ 31ರಂದು ತೀರಿಕೊಂಡರು. ಫೆಬ್ರವರಿ 12ರವರೆಗೆ ಮನೆಯಲ್ಲಿ ಉತ್ತರಕ್ರಿಯೆಗಳಿವೆ. ಹಾಗಾಗಿ 5ರ ಪರೀಕ್ಷೆಗೆ ಬರಲು ಆಗುತ್ತಿಲ್ಲ. 13ರ ನಂತರ ತಾವು ಹೇಳಿದ ದಿನ ಅದನ್ನು ಬರೆಯಲು ಅವಕಾಶ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಮರಣ ಪ್ರಮಾಣಪತ್ರ ಸಿಕ್ಕ ಕೂಡಲೇ ತಂದುಕೊಡುತ್ತೇನೆ."

ಸಂಬಂಧ, ತಾರೀಖು, ಒಂದೇ ಒಂದು ಬೇಡಿಕೆ. ಆಂತರಿಕ ಪರೀಕ್ಷೆಯಾದ್ದರಿಂದ ಕಾಲೇಜಿನವರೇ ಇನ್ನೊಂದು ದಿನ ಕೊಟ್ಟರು. ಬೋರ್ಡಿನ ಪರೀಕ್ಷೆಯನ್ನು ಒಬ್ಬರಿಗಾಗಿ ಯಾರೂ ಮುಂದಕ್ಕೆ ಹಾಕುವುದಿಲ್ಲ, ಅಲ್ಲಿ ಕೇಳಬೇಕಾದ್ದು ಬೇರೆ. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಪರೀಕ್ಷೆ ಬರೆಯಲು ಒಂದಕ್ಕಿಂತ ಹೆಚ್ಚು ಅವಕಾಶ ಇವೆ. ತಪ್ಪಿದ ವಿಷಯವನ್ನು ಮುಂದಿನದರಲ್ಲಿ ಬರೆಯುವುದು ಹೇಗೆಂದು ಶಾಲೆಯಲ್ಲಿ ಕೇಳಬೇಕು.

ಅಜ್ಜ ಕರೆದವರು

ಇಷ್ಟೆಲ್ಲ ಮಾಡಿದ ಮೇಲೂ ಒಂದು ಉಳಿದುಬಿಟ್ಟಿತ್ತು. ನಾಲ್ಕನೇ ದಿನ ಅಕ್ಕ ಹೇಳಿದಳು, "ಮಾವನೋರು ಅವರ ಸ್ನೇಹಿತರನ್ನೆಲ್ಲ ಅವರೇ ಹೋಗಿ ಕರೆದು ಬಂದಿದ್ರು ಕಣೋ. ಪಟ್ಟಿ ಅವರ ತಲೇಲಿತ್ತು." ಪತ್ರಿಕೆಗಳ ಕಟ್ಟನ್ನು ಎಣಿಸಿದೆವು. ಅಜ್ಜನಿಗೆಂದು ಕೊಟ್ಟಿದ್ದ 50ರಲ್ಲಿ 14 ಉಳಿದಿತ್ತು. ಅಂದರೆ 36 ಮನೆ, ಯಾವುದೆಂದು ನಮಗೆ ಗೊತ್ತಿಲ್ಲ. ಅವರ ಹಳೆಯ ಫೋನ್ ಪುಸ್ತಕ, ವಾಕಿಂಗ್ ಗೆಳೆಯರು, ಮಠದ ಭಜನೆಯವರು, ಹೀಗೆ ಒಬ್ಬರನ್ನು ಹಿಡಿದು ಇನ್ನೊಬ್ಬರನ್ನು ಕೇಳುತ್ತಾ 28 ಮನೆ ಸಿಕ್ಕಿತು.

ಉಳಿದವರಿಗಾಗಿ ನನ್ನ ಮಗ 8ರ ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರವರೆಗೆ, 9ರ ಬೆಳಿಗ್ಗೆ ಏಳರಿಂದ ಮಧ್ಯಾಹ್ನದವರೆಗೆ ಛತ್ರದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ. ಬಾಗಿಲಿಗೆ ಬರಹ ಅಂಟಿಸಿ ಬರೋಣ ಎಂದಿದ್ದವನಿಗೆ ನಾನೇ ಬೇಡ ಎಂದಿದ್ದೆ. ರೇಷ್ಮೆ ಸೀರೆ ಉಟ್ಟು ಉಡುಗೊರೆ ಹಿಡಿದು ಬಂದವರು ಬೀಗ ಹಾಕಿದ ಬಾಗಿಲಲ್ಲಿ ಕಾಗದ ಓದಿ ತಿರುಗಿ ಹೋಗಬಾರದು.

ಏಳು ಮಂದಿ ಬಂದರು. ಅವರಲ್ಲಿ ಅಜ್ಜನ ಜೊತೆ ಕೆಲಸ ಮಾಡಿದ್ದ ಮೇಷ್ಟರು ಮತ್ತು ಅವರ ಹೆಂಡತಿ, ಸಕಲೇಶಪುರದಿಂದ ಬಸ್ಸಿನಲ್ಲಿ ಬಂದವರು. ಮಗ ಎದ್ದು ಹೋಗಿ ಚೀಲ ಇಸಿದುಕೊಂಡು ಮೊದಲು ಕೂರಿಸಿದ. ಆಮೇಲೆ ಹೇಳಿದ, "ತಾತ ಮೂವತ್ತೊಂದನೇ ತಾರೀಖು ತೀರಿಕೊಂಡ್ರು. ಮದುವೆ ಮುಂದಕ್ಕೆ ಹೋಗಿದೆ. ನಿಮ್ಮ ನಂಬರ್ ನಮಗೆ ಸಿಗಲಿಲ್ಲ, ನಮ್ಮದೇ ತಪ್ಪು, ಕ್ಷಮಿಸಬೇಕು." ಮೇಷ್ಟರು ಬಹಳ ಹೊತ್ತು ಸುಮ್ಮನೆ ಕೂತಿದ್ದರಂತೆ. ಅವರನ್ನು ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋಗಿ ಊಟ ಮಾಡಿಸಿ, ಬಸ್ಸು ಹತ್ತಿಸಿ, ನಂಬರ್ ಬರೆದುಕೊಂಡು ಬಂದ.

ಮತ್ತೆ ಕರೆದದ್ದು

ವೈಕುಂಠ ಸಮಾರಾಧನೆಗೆ ಬೇರೆಯದೇ ಬರಹ ಹೋಗಿತ್ತು, ಹತ್ತಿರದವರಿಗೆ ಮಾತ್ರ, ಮದುವೆಯ ಮಾತಿಲ್ಲದೆ. ಅದು ಮುಗಿದ ಮೇಲೆ ಪುರೋಹಿತರು ಬೀಗರ ಎದುರಿಗೇ ಕೂತು ನೋಡಿದರು. ಮಾಸಿಕಗಳನ್ನು ಮುಂಚಿತವಾಗಿ ಮುಗಿಸಿಕೊಂಡರೆ ಭಾವನೇ ಧಾರೆ ಎರೆಯಬಹುದು ಎಂದರು. ಇದು ಮನೆಮನೆಗೆ ಬೇರೆ. ಕೆಲವರು ವರ್ಷ ಕಾಯುತ್ತಾರೆ, ಕೆಲವರು ಬೇರೆ ದಂಪತಿಯಿಂದ ಧಾರೆ ಎರೆಸುತ್ತಾರೆ. ನಮಗೆ ವೈಶಾಖದಲ್ಲಿ, ಮೇ ತಿಂಗಳಲ್ಲಿ ದಿನ ಸಿಕ್ಕಿತು.

ಹಳೆಯ ಪತ್ರಿಕೆಯಲ್ಲಿ ತಾರೀಖು ತಿದ್ದಿ ಕೊಡುವಂತಿರಲಿಲ್ಲ. ಅದರಲ್ಲಿ ಕರೆಯುವವರ ಸಾಲಿನಲ್ಲಿ ಮೊದಲ ಹೆಸರು ಅಜ್ಜನದು. ಹೊಸದಾಗಿ 300 ಪತ್ರಿಕೆ ಅಚ್ಚು ಹಾಕಿಸಿದೆವು, ಉಳಿದವರಿಗೆ ಫೋನಿನಲ್ಲಿ. ಮೇಲೆ "ಶ್ರೀ" ಇತ್ತು, ಸಾವಿನ ಮಾತು ಎಲ್ಲೂ ಇರಲಿಲ್ಲ, "ಮುಂದೂಡಿದ್ದ ಮದುವೆ" ಎಂದೂ ಇರಲಿಲ್ಲ. ಅಜ್ಜನ ಹೆಸರು ಮಾತ್ರ ಜಾಗ ಬದಲಿಸಿತ್ತು. ಹುಡುಗಿಯ ಹೆಸರಿನ ಮೇಲೆ, "ದಿವಂಗತ" ಎಂದು ಸೇರಿಸಿ, ಅವರ ಮೊಮ್ಮಗಳು ಎಂದು.

ಸಕಲೇಶಪುರದ ಮೇಷ್ಟರ ಮನೆಗೆ ಭಾವ ಮತ್ತು ಅಕ್ಕ ತಾವೇ ಹೋಗಿ ಪತ್ರಿಕೆ ಕೊಟ್ಟರು. ಅಜ್ಜ ಕೊಟ್ಟ ಹಳೆಯ ಪತ್ರಿಕೆ ಅವರ ದೇವರ ಗೂಡಿನಲ್ಲೇ ಇತ್ತಂತೆ. ಮೇಷ್ಟರು ಹೊಸದನ್ನು ಅದರ ಪಕ್ಕದಲ್ಲೇ ಇಟ್ಟರು.